ಮ್ಯಾಚ್ ಬಾರದಿದ್ದರೆ ತಪ್ಪು ಮುಖದ್ದೇ?

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಎಂಟು ತಿಂಗಳಿಂದ ಡೇಟಿಂಗ್ ಆ್ಯಪ್‌ನಲ್ಲಿದ್ದೇನೆ. ದಿನಾ ರಾತ್ರಿ ಒಂದು ಗಂಟೆಯಾದರೂ ಸ್ವೈಪ್ ಮಾಡುತ್ತೇನೆ. ಬಂದದ್ದು ಹತ್ತು ಹನ್ನೆರಡು ಮ್ಯಾಚ್, ಭೇಟಿ ಒಂದೂ ಇಲ್ಲ. ಆ್ಯಪ್ ಒಳಗೊಳಗೇ ನಮ್ಮ ಮುಖಕ್ಕೆ ಅಂಕ ಕೊಡುತ್ತದೆ, ನಿನ್ನ ಅಂಕ ಕಡಿಮೆ ಎಂದು ರೂಮ್‌ಮೇಟ್ ಹೇಳುತ್ತಾನೆ. ನನ್ನ ಮುಂದಲೆಯ ಕೂದಲು ತೆಳುವಾಗಿದೆ, ಬಣ್ಣವೂ ಕಪ್ಪು. ಸಾಲ ಮಾಡಿ ಕೂದಲು ಕಸಿ ಮಾಡಿಸಿಕೊಳ್ಳೋಣವೇ ಎಂದು ಯೋಚಿಸುತ್ತಿದ್ದೇನೆ. ಇನ್ನೊಂದು ವಿಷಯ. ಮನೆಯವರು ತೋರಿಸಿದ ಹಾವೇರಿ ಕಡೆಯ ಹುಡುಗಿಯ ಜೊತೆ ಕಳೆದ ತಿಂಗಳು ಒಂದೂವರೆ ಗಂಟೆ ಮಾತಾಡಿದೆ, ನಿಜವಾಗಿಯೂ ಖುಷಿಯಾಯಿತು. ಆದರೆ ರಾತ್ರಿ ಆ್ಯಪ್ ನೋಡಿದ ಮೇಲೆ ಅವರ ಫೋಟೊ ತೆಗೆದರೆ 'ಅಷ್ಟೇನಿಲ್ಲ' ಅನಿಸುತ್ತದೆ. ಅಪ್ಪ ಉತ್ತರ ಕೇಳುತ್ತಿದ್ದಾರೆ. ಸರಿಯಿಲ್ಲದ್ದು ನನ್ನ ಮುಖವೋ, ನನ್ನ ಕಣ್ಣೋ?

ಉತ್ತರ: ನಿಮ್ಮ ರೂಮ್‌ಮೇಟ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಟಿಂಡರ್ ಎಂಬ ಡೇಟಿಂಗ್ ಆ್ಯಪ್ ತನ್ನ ಬಳಕೆದಾರರಿಗೆಲ್ಲ ಒಂದು ಗುಪ್ತ ಅಂಕ ಕೊಡುತ್ತದೆ ಎಂಬುದು 2016ರಲ್ಲಿ ಅಮೆರಿಕದ ಪತ್ರಿಕೆಯೊಂದರ ವರದಿಯಿಂದ ಹೊರಬಂತು. ಚೆಸ್ ಆಟಗಾರರ ಶ್ರೇಯಾಂಕಕ್ಕೆ ಬಳಸುವ ಈಲೊ ಪದ್ಧತಿಯ ಮಾದರಿಯಲ್ಲಿ ಅದು ನಡೆಯುತ್ತಿತ್ತು. ಬಲಿಷ್ಠ ಆಟಗಾರನನ್ನು ಸೋಲಿಸಿದವನಿಗೆ ಹೆಚ್ಚು ಅಂಕ ಸಿಗುವಂತೆ, ಬೇಡಿಕೆ ಹೆಚ್ಚಿರುವವರು ಇಷ್ಟವೆಂದು ನಿಮ್ಮ ಫೋಟೊವನ್ನು ಬಲಕ್ಕೆ ಸರಿಸಿದರೆ ನಿಮ್ಮ ಅಂಕ ಹೆಚ್ಚು ಏರುತ್ತಿತ್ತು. ಆ ಪದ್ಧತಿಯನ್ನು ಬಿಟ್ಟಿರುವುದಾಗಿ ಕಂಪನಿಯೇ 2019ರಲ್ಲಿ ಹೇಳಿತು. ಆದರೂ ಯಾರ ಪ್ರೊಫೈಲನ್ನು ಯಾರಿಗೆ ಮೊದಲು ತೋರಿಸಬೇಕು ಎಂಬ ಲೆಕ್ಕ ಇಂಥ ಎಲ್ಲ ಆ್ಯಪ್‌ಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತಲೇ ಇರುತ್ತದೆ. ರೂಮ್‌ಮೇಟ್ ತಪ್ಪಿರುವುದು ಆ ಅಂಕ ಮುಖಕ್ಕೆ ಕೊಟ್ಟದ್ದು ಎನ್ನುವಲ್ಲಿ. ಈಲೊ ಮಾದರಿಯ ಲೆಕ್ಕ ನಿಮ್ಮ ಮೂಗು, ಕೂದಲು, ಬಣ್ಣಗಳನ್ನು ಅಳೆಯುತ್ತಿರಲಿಲ್ಲ. ಒಂದು ನಿರ್ದಿಷ್ಟ ಊರಿನಲ್ಲಿ, ಒಂದು ನಿರ್ದಿಷ್ಟ ಫೋಟೊಗೆ, ಆ ವಾರ ಆ ಆ್ಯಪ್ ತೆರೆದು ಕುಳಿತಿದ್ದ ಜನ ಯಾವ ಕಡೆಗೆ ಬೆರಳು ಸರಿಸಿದರು ಎಂಬುದನ್ನಷ್ಟೇ ಎಣಿಸುತ್ತಿತ್ತು. ಹಾಗೆ ಎಣಿಸಿ ಬಂದ ಸಂಖ್ಯೆಯಲ್ಲಿ ನಿಮ್ಮ ಮುಖದ ಪಾಲು ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ.

ಇದನ್ನು ಒಂದು ಕಾಲ್ಪನಿಕ ಲೆಕ್ಕದ ಮೂಲಕ ನೋಡೋಣ. ನಮ್ಮ ದೇಶದ ಡೇಟಿಂಗ್ ಆ್ಯಪ್‌ಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚು. ನಿಮ್ಮ ಸುತ್ತಿನ ಕೆಲವು ಕಿಲೋಮೀಟರ್‌ಗಳಲ್ಲಿ ನಾನೂರು ಗಂಡಸರು, ನೂರು ಹೆಂಗಸರು ಆ ಆ್ಯಪ್‌ನಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಗಂಡಸರು ಒಂದು ವಾರದಲ್ಲಿ ನೂರೂ ಪ್ರೊಫೈಲ್ ನೋಡಿ, ಎರಡರಲ್ಲಿ ಒಂದಕ್ಕೆ ಲೈಕ್ ಕೊಡುತ್ತಾರೆ. ಅಲ್ಲಿಗೆ ಪ್ರತಿ ಹೆಂಗಸಿಗೂ ಇನ್ನೂರು ಲೈಕ್ ಬಂದು ಬೀಳುತ್ತವೆ. ಇಷ್ಟು ಬಂದಾಗ ಯಾರಾದರೂ ಆಯ್ಕೆಯನ್ನು ಬಿಗಿ ಮಾಡುತ್ತಾರೆ. ಆಕೆ ವಾರದಲ್ಲಿ ಇನ್ನೂರು ಗಂಡಸರ ಪ್ರೊಫೈಲ್ ನೋಡಿ, ನೂರಕ್ಕೆ ಮೂರರಂತೆ ಆರು ಜನರಿಗೆ ಲೈಕ್ ಕೊಟ್ಟರೆ, ಒಟ್ಟು ಲೈಕ್‌ಗಳು ಆರುನೂರು. ಇವು ನಾನೂರು ಗಂಡಸರಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಅರ್ಧದಷ್ಟು, ಅಂದರೆ ಮುನ್ನೂರು ಲೈಕ್, ಮೇಲಿನ ನಲವತ್ತು ಜನರಿಗೇ ಹೋಯಿತು ಎನ್ನಿ. ಉಳಿದ ಮುನ್ನೂರನ್ನು ಮುನ್ನೂರ ಅರವತ್ತು ಜನ ಹಂಚಿಕೊಳ್ಳಬೇಕು. ತಲೆಗೆ ಒಂದು ಲೈಕೂ ಪೂರ್ತಿ ಬರಲಿಲ್ಲ. ಬಂದ ಲೈಕ್‌ಗೆ ಎದುರಾಗಿ ಆತನೂ ಲೈಕ್ ಕೊಟ್ಟಿದ್ದರೆ ಮಾತ್ರ ಅದು ಮ್ಯಾಚ್, ಆತ ಲೈಕ್ ಕೊಟ್ಟಿರುವುದೋ ಇಬ್ಬರಲ್ಲಿ ಒಬ್ಬರಿಗೆ. ಹೀಗಾಗಿ ನಡುವಿನ ಸಾಲಿನಲ್ಲಿರುವ, ನೋಡಲು ಏನೂ ಕೊರತೆಯಿಲ್ಲದ ಗಂಡಸಿಗೆ ಎರಡೂವರೆ ವಾರಕ್ಕೆ ಒಂದು ಮ್ಯಾಚ್ ದಕ್ಕುತ್ತದೆ. ಎಂಟು ತಿಂಗಳಿಗೆ ಹದಿನಾಲ್ಕು.

ಈ ಅಂಕಿಗಳನ್ನು ನಾನು ಉದಾಹರಣೆಗೆಂದು ಇಟ್ಟುಕೊಂಡದ್ದು. ಆದರೆ ಅವುಗಳ ಓರೆ ಎಲ್ಲಿಂದಲೋ ಹುಟ್ಟಿಸಿದ್ದಲ್ಲ. ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಪರೀಕ್ಷೆಗೆಂದೇ ಟಿಂಡರ್ ಪ್ರೊಫೈಲ್‌ಗಳನ್ನು ತೆರೆದು, ಕಂಡವರಿಗೆಲ್ಲ ಲೈಕ್ ಕೊಟ್ಟು ನೋಡಿದ ಸಂಶೋಧಕರು 2016ರಲ್ಲಿ ವರದಿ ಮಾಡಿದ ಪ್ರಕಾರ, ಹೆಂಗಸರ ಪ್ರೊಫೈಲ್‌ಗಳಿಗೆ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮ್ಯಾಚ್ ಬಂದರೆ, ಗಂಡಸರ ಪ್ರೊಫೈಲ್‌ಗಳಿಗೆ ನೂರಕ್ಕೆ ಒಂದೂ ಬರಲಿಲ್ಲ, ಬಂದದ್ದು 0.6. ಅಂದರೆ ಸಾವಿರ ಲೈಕ್‌ಗೆ ಆರು. ಇದು ಬೆಂಗಳೂರಿನ ಅಂಕಿಯಲ್ಲ, ಆದರೆ ಗಂಡಸರು ಧಾರಾಳವಾಗಿ, ಹೆಂಗಸರು ಅಳೆದು ತೂಗಿ ಲೈಕ್ ಕೊಡುವ ರೀತಿ ಇಲ್ಲಿಯೂ ಬೇರೆಯಿಲ್ಲ. ಇದರಲ್ಲಿ ಒಂದು ವಿಷಚಕ್ರವೂ ಇದೆ. ಮ್ಯಾಚ್ ಬಾರದ ಗಂಡಸರು ಇನ್ನಷ್ಟು ಜನರಿಗೆ ಕಣ್ಣು ಮುಚ್ಚಿ ಲೈಕ್ ಕೊಡುತ್ತಾರೆ, ಹೆಂಗಸರ ಪೆಟ್ಟಿಗೆ ಇನ್ನಷ್ಟು ತುಂಬುತ್ತದೆ, ಅವರು ಇನ್ನಷ್ಟು ಬಿಗಿಯಾಗುತ್ತಾರೆ. ಇದರಿಂದ ಹೆಂಗಸರು ಸುಖವಾಗಿದ್ದಾರೆ ಎಂದೇನೂ ಭಾವಿಸಬೇಡಿ. ಇನ್ನೂರು ಲೈಕ್ ಬಂದಿದ್ದರೂ ತನ್ನ ಪರಿಚಯದ ಎರಡು ಸಾಲನ್ನು ಓದಿದವರು ಒಬ್ಬರೂ ಇಲ್ಲ ಎಂದು ಕಣ್ಣೀರು ಹಾಕಿದ ಹೆಣ್ಣುಮಕ್ಕಳೂ ನನ್ನ ಬಳಿ ಬರುತ್ತಾರೆ.

ಇನ್ನು ಫೋಟೊ. ನೀವು ಮುಖ ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಒಂದು ಫೋಟೊ, ಅವೆರಡೂ ಒಂದೇ ಅಲ್ಲ. ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ಸಾಕು, ನೋಡುವವರು ಆಕರ್ಷಕ, ನಂಬಿಕಸ್ಥ, ಒರಟ ಎಂದೆಲ್ಲ ತೀರ್ಮಾನಕ್ಕೆ ಬಂದುಬಿಡುತ್ತಾರೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಇನ್ನೂ ಹೆಚ್ಚು ಹೊತ್ತು ಕೊಟ್ಟರೆ ತೀರ್ಮಾನ ಅಷ್ಟಾಗಿ ಬದಲಾಗುವುದಿಲ್ಲ, ಅದರ ಮೇಲಿನ ಭರವಸೆ ಮಾತ್ರ ಹೆಚ್ಚುತ್ತದೆ. ಸ್ವೈಪ್ ಮಾಡುವವರು ವೇಗವಾಗಿ ತೀರ್ಪು ಕೊಡುತ್ತಾರೆ ಎಂಬ ದೂರಿಗೆ ಇದು ಪೂರ್ತಿ ವಿವರಣೆ: ಮನುಷ್ಯರು ಮೊದಲಿನಿಂದಲೂ ಅಷ್ಟೇ ವೇಗವಾಗಿ ತೀರ್ಪು ಕೊಡುತ್ತಿದ್ದರು, ಆದರೆ ಹಿಂದೆ ಅದರ ಬೆನ್ನಿಗೇ ಮಾತು, ನಗು, ನಡಿಗೆ ಬಂದು ಆ ತೀರ್ಪನ್ನು ತಿದ್ದುತ್ತಿದ್ದವು. ಆ್ಯಪ್ ಕಿತ್ತುಕೊಂಡಿರುವುದು ಆ ತಿದ್ದುಪಡಿಯ ಅವಕಾಶವನ್ನು.

ಆ ಮೊದಲ ತೀರ್ಪಾದರೂ ವ್ಯಕ್ತಿಯ ಬಗ್ಗೆಯೇ? ಬ್ರಿಟನ್ನಿನಲ್ಲಿ 2011ರಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಇಬ್ಬರೇ ವ್ಯಕ್ತಿಗಳ ತಲಾ ಇಪ್ಪತ್ತು ಫೋಟೊಗಳನ್ನು ಕಲೆಸಿ, ಆ ಮುಖಗಳ ಪರಿಚಯವೇ ಇಲ್ಲದ ಜನರ ಕೈಗೆ ಕೊಟ್ಟು, ಒಬ್ಬೊಬ್ಬರ ಫೋಟೊಗಳನ್ನು ಬೇರೆ ಬೇರೆ ಗುಂಪಾಗಿ ಇಡಿ ಎಂದು ಕೇಳಿದರು. ಇಟ್ಟವರು ಎರಡು ಗುಂಪು ಮಾಡಲಿಲ್ಲ, ಏಳು, ಎಂಟು, ಒಂಬತ್ತು ಗುಂಪು ಮಾಡಿದರು. ಬೆಳಕು, ಕೋನ, ಕ್ಯಾಮೆರಾ ಬದಲಾದರೆ ಅಪರಿಚಿತರ ಕಣ್ಣಿಗೆ ಒಬ್ಬನೇ ಹಲವರಾಗಿ ಕಾಣುತ್ತಾನೆ. ಅದೇ ಸಂಶೋಧಕರು ಫೋಟೊಗಳಿಗೆ ಆಕರ್ಷಣೆಯ ಅಂಕ ಹಾಕಿಸಿದಾಗ, ಒಬ್ಬನ ಒಳ್ಳೆಯ ಫೋಟೊಗೂ ಕೆಟ್ಟ ಫೋಟೊಗೂ ಇದ್ದ ಅಂತರ, ಒಬ್ಬ ವ್ಯಕ್ತಿಗೂ ಇನ್ನೊಬ್ಬನಿಗೂ ಇದ್ದ ಅಂತರಕ್ಕಿಂತ ಹೆಚ್ಚಿತ್ತು. ಎಡಕ್ಕೆ ಹೋದದ್ದು ನೀವಲ್ಲ, ನಿಮ್ಮ ಮೊದಲ ಫೋಟೊ ಎಂದು ನಾನು ಹೇಳುವುದು ಸಮಾಧಾನದ ಮಾತಲ್ಲ, ಅಕ್ಷರಶಃ ಹಾಗೆಯೇ ಇರುವ ಸಾಧ್ಯತೆ ಹೆಚ್ಚು.

ಗಂಡಸರ ಪ್ರೊಫೈಲ್‌ಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಫೋಟೊ ಯಾವುದು ಗೊತ್ತೇ? ರೂಮಿನ ಟ್ಯೂಬ್‌ಲೈಟ್ ಕೆಳಗೆ, ಕೈ ಚಾಚಿ ತೆಗೆದ ಸೆಲ್ಫಿ, ಫೋನಿನ ಬ್ಯೂಟಿ ಮೋಡ್ ತಾನಾಗಿಯೇ ಬಿಳಿಚಿಸಿದ ಮುಖ, ಹಿಂದೆ ಬಾಗಿಲಿಗೆ ನೇತುಹಾಕಿದ ಟವೆಲ್. ಮೇಲಿನಿಂದ ಬೀಳುವ ಬೆಳಕು ತೆಳುವಾದ ಮುಂದಲೆಯನ್ನು ಇದ್ದುದಕ್ಕಿಂತ ಹೆಚ್ಚು ಬೋಳಾಗಿ ತೋರಿಸುತ್ತದೆ. ಅಡಿಯಷ್ಟು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದ ಫೋಟೊದಲ್ಲಿ ಕಾಣುವುದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ಶಸ್ತ್ರವೈದ್ಯರು 2018ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ್ದರು, ಏಕೆಂದರೆ ಸೆಲ್ಫಿ ತೋರಿಸಿ ಮೂಗು ಸಣ್ಣ ಮಾಡಿಕೊಡಿ ಎಂದು ಬರುವವರು ಹೆಚ್ಚಾಗಿದ್ದರು. ಆದ್ದರಿಂದ ಆ್ಯಪ್‌ನಲ್ಲಿ ಮುಂದುವರಿಯುವುದಾದರೆ ಮೊದಲು ಮಾಡಬೇಕಾದ್ದು ಇಷ್ಟು: ಬೆಳಗಿನ ಅಥವಾ ಸಂಜೆಯ ನೆರಳುಬೆಳಕಿನಲ್ಲಿ, ಬೇರೆಯವರು ಐದಾರು ಅಡಿ ದೂರದಿಂದ, ನಿಮ್ಮ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಹಿಡಿದು, ಬ್ಯೂಟಿ ಮೋಡ್ ಆಫ್ ಮಾಡಿ, ಇಪ್ಪತ್ತು ಮೂವತ್ತು ಫೋಟೊ ತೆಗೆಯಲಿ. ಅದರಲ್ಲಿ ಯಾವುದನ್ನು ಹಾಕಬೇಕು ಎಂಬುದನ್ನು ಮಾತ್ರ ನೀವು ನಿರ್ಧರಿಸಬೇಡಿ. ಆಸ್ಟ್ರೇಲಿಯಾದಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜನ ತಮಗಾಗಿ ತಾವೇ ಆರಿಸಿಕೊಂಡ ಫೋಟೊಗಳಿಗಿಂತ ಅಪರಿಚಿತರು ಅವರಿಗೆ ಆರಿಸಿಕೊಟ್ಟ ಫೋಟೊಗಳೇ ಉಳಿದವರಿಗೆ ಹೆಚ್ಚು ಇಷ್ಟವಾದವು. ನಮ್ಮ ಮುಖ ನಮಗೆ ತೀರಾ ಪರಿಚಿತವಾದ್ದರಿಂದ ಅದನ್ನು ಹೊರಗಿನವರಂತೆ ನೋಡಲು ನಮಗೆ ಆಗುವುದಿಲ್ಲ. ನಿಮ್ಮನ್ನು ಅಷ್ಟಾಗಿ ಬಲ್ಲದ ಇಬ್ಬರು ಮೂವರು ಸಹೋದ್ಯೋಗಿಗಳಿಗೆ, ಸಾಧ್ಯವಾದರೆ ಹೆಣ್ಣುಮಕ್ಕಳಿಗೆ, ತೋರಿಸಿ ಅವರು ಹೇಳಿದ್ದನ್ನು ಹಾಕಿ. ಇದರಿಂದ ಮ್ಯಾಚ್ ಹೆಚ್ಚಬಹುದು. ಆದರೆ ಮೇಲಿನ ಲೆಕ್ಕ ಬದಲಾಗುವುದಿಲ್ಲ, ನೀವು ಆ ಲೆಕ್ಕದೊಳಗೆ ಸ್ವಲ್ಪ ಮೇಲಕ್ಕೆ ಸರಿಯುತ್ತೀರಿ, ಅಷ್ಟೇ.

ಬಣ್ಣದ ವಿಷಯದಲ್ಲಿ ನಾನು ನಿಮಗೆ ಸುಳ್ಳು ಹೇಳಲಾರೆ. ನಮ್ಮ ಸಮಾಜದಲ್ಲಿ ಆ ಪಕ್ಷಪಾತ ಇದೆ, ಅದು ಆ್ಯಪ್‌ನಿಂದ ಬಂದದ್ದಲ್ಲ. ವಧೂವರರ ಬಯೋಡೇಟಾಗಳಲ್ಲಿ 'ಗೋಧಿ ಬಣ್ಣ' ಎಂದು ಬರೆಯುತ್ತಾ ಬಂದವರು ನಾವೇ. ಮೈಬಣ್ಣದ ಪ್ರಕಾರ ಸೋಸುವ ಸೌಲಭ್ಯವನ್ನು ಶಾದಿ ಡಾಟ್ ಕಾಮ್ ತೆಗೆದದ್ದು 2020ರ ಜೂನ್‌ನಲ್ಲಿ, ಅದೂ ಬಳಕೆದಾರರು ಸಹಿ ಸಂಗ್ರಹಿಸಿ ಒತ್ತಾಯಿಸಿದ ಮೇಲೆ. ಆದರೆ ಫಿಲ್ಟರ್ ಹಾಕಿ ಬಣ್ಣ ತಿಳಿ ಮಾಡಿದ ಫೋಟೊದಿಂದ ಬರುವ ಮ್ಯಾಚ್ ಭೇಟಿಯ ದಿನ ಉಳಿಯುವುದಿಲ್ಲ, ಮತ್ತು ಭೇಟಿಯಲ್ಲಿ ಎದುರಿನವರ ಮುಖದಲ್ಲಿ ಕಾಣುವ ನಿರಾಸೆ, ಬಾರದೇ ಹೋದ ನೂರು ಲೈಕ್‌ಗಳಿಗಿಂತ ಹೆಚ್ಚು ನೋಯಿಸುತ್ತದೆ.

ಹಣ ಕೊಟ್ಟು ಬೂಸ್ಟ್ ಕೊಳ್ಳುವ ಬಗ್ಗೆ ನೀವು ಕೇಳಿಲ್ಲ, ಆದರೆ ಬೇಗನೇ ಅಲ್ಲಿಗೆ ಬರುತ್ತೀರಿ. ಹಣ ಕೊಟ್ಟರೆ ಸಿಗುವುದು ಒಂದಷ್ಟು ಹೊತ್ತು ಹೆಚ್ಚು ಜನರ ಪರದೆಯ ಮೇಲೆ ಕಾಣಿಸಿಕೊಳ್ಳುವ ಅವಕಾಶ. ಅದೇ ಟ್ಯೂಬ್‌ಲೈಟ್ ಸೆಲ್ಫಿಯನ್ನು ಇನ್ನೂ ಐನೂರು ಜನರಿಗೆ ತೋರಿಸಿದರೆ ಇನ್ನೂ ಐನೂರು ಎಡ ಸ್ವೈಪ್‌ಗಳೇ ಬಂದಾವು. ಆ ಮಾಸಿಕ ಶುಲ್ಕ ಕಟ್ಟಿದವರಲ್ಲಿ ನಾನು ಕಂಡ ಬದಲಾವಣೆ ಒಂದೇ: ಕೊಟ್ಟ ಹಣ ವ್ಯರ್ಥವಾಗಬಾರದೆಂದು ಇನ್ನೂ ಹೆಚ್ಚು ಹೊತ್ತು ಸ್ವೈಪ್ ಮಾಡತೊಡಗುತ್ತಾರೆ.

ಕೂದಲು ಕಸಿ ಬೇರೆಯೇ ವಿಷಯ, ಅದನ್ನು ಮ್ಯಾಚ್‌ಗಳ ಲೆಕ್ಕದ ಜೊತೆ ಕಟ್ಟಬೇಡಿ. ಅದು ಚರ್ಮವೈದ್ಯರ ಕ್ಷೇತ್ರವಾದ್ದರಿಂದ ಆರಂಭದ ಮಾತಷ್ಟೇ ಹೇಳುತ್ತೇನೆ. ವಂಶದಿಂದ ಬರುವ ಕೂದಲು ಉದುರುವಿಕೆ ಇಪ್ಪತ್ತೊಂಬತ್ತಕ್ಕೆ ನಿಲ್ಲುವುದಿಲ್ಲ. ಮುಂದಲೆಗೆ ನೆಟ್ಟ ಕೂದಲು ಉಳಿದು, ಅದರ ಹಿಂದಿನ ನಿಮ್ಮದೇ ಕೂದಲು ಮುಂದಿನ ವರ್ಷಗಳಲ್ಲಿ ಉದುರಿದರೆ, ಮುಂದೆ ಒಂದು ಪಟ್ಟಿ, ನಡುವೆ ಖಾಲಿ ಎಂಬ ವಿಚಿತ್ರ ಸ್ಥಿತಿ ಬರಬಹುದು. ಹಾಗಾಗಿಯೇ ವೈದ್ಯರು ಸಾಮಾನ್ಯವಾಗಿ ಉದುರುವುದನ್ನು ತಡೆಯುವ ಔಷಧವನ್ನು ಮೊದಲು ಕೆಲವು ತಿಂಗಳು ಕೊಟ್ಟು ನೋಡುತ್ತಾರೆ. ಆ ಔಷಧಗಳಿಗೂ ಕೆಲವರಲ್ಲಿ ಅಡ್ಡಪರಿಣಾಮಗಳಿರುವುದರಿಂದ ಅಂಗಡಿಯಿಂದ ನೀವೇ ತಂದು ಶುರು ಮಾಡಬಾರದು. ಕಸಿಗೆ ಹಿಂದಲೆಯಿಂದ ತೆಗೆಯಬಹುದಾದ ಕೂದಲಿಗೂ ಮಿತಿಯಿದೆ, ಒಮ್ಮೆ ಖರ್ಚಾದರೆ ಮತ್ತೆ ಬೆಳೆಯುವುದಿಲ್ಲ. ನೆಟ್ಟದ್ದು ಮೊದಲ ವಾರಗಳಲ್ಲಿ ಉದುರಿ, ಪೂರ್ತಿ ಫಲ ಕಾಣಲು ಒಂದು ವರ್ಷವಾದರೂ ಹಿಡಿಯುತ್ತದೆ. ಆ ವರ್ಷದುದ್ದಕ್ಕೂ ನೀವು ರಾತ್ರಿ ಒಂದು ಗಂಟೆ ಸ್ವೈಪ್ ಮಾಡುತ್ತಾ ಕುಳಿತಿದ್ದರೆ, ಸಾಲದ ಕಂತು ಕಟ್ಟುತ್ತಾ ಇನ್ನೊಂದು ಕೊರತೆಯನ್ನು ಹುಡುಕಿಕೊಂಡಿರುತ್ತೀರಿ. ನನ್ನ ಸಲಹೆ, ಆ್ಯಪ್ ಬಿಟ್ಟು ಎರಡು ಮೂರು ತಿಂಗಳು ಕಳೆದ ಮೇಲೂ ಕೂದಲು ನಿಮ್ಮನ್ನು ಅಷ್ಟೇ ಕಾಡುತ್ತಿದ್ದರೆ ಆಗ ಚರ್ಮವೈದ್ಯರನ್ನು ಕಾಣಿ, ಅದರಲ್ಲಿ ತಪ್ಪೇನಿಲ್ಲ.

ಆದರೆ ಒಂದು ಎಚ್ಚರಿಕೆ. ದಿನಕ್ಕೆ ಗಂಟೆಗಟ್ಟಲೆ ಆ ಒಂದು ಕೊರತೆಯದೇ ಯೋಚನೆ, ಸಿಕ್ಕ ಕನ್ನಡಿಯಲ್ಲೆಲ್ಲ ಮುಂದಲೆ ನೋಡಿಕೊಳ್ಳುವುದು ಅಥವಾ ಕನ್ನಡಿಯನ್ನೇ ತಪ್ಪಿಸುವುದು, ಟೋಪಿಯಿಲ್ಲದೆ ಹೊರಗೆ ಹೋಗದಿರುವುದು, ಉಳಿದವರು 'ಏನೂ ಕಾಣುವುದಿಲ್ಲವಲ್ಲ' ಎಂದರೂ ನಂಬಲಾಗದಿರುವುದು, ಇವೆಲ್ಲ ಸೇರಿದ್ದರೆ ಅದು ಸಾಮಾನ್ಯ ಕೀಳರಿಮೆಯಲ್ಲ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ತೊಂದರೆ ಇರಬಹುದು. ಆ ಸ್ಥಿತಿಯಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆ ಸಮಾಧಾನ ಕೊಡುವುದು ಬಹಳ ಅಪರೂಪ, ಚಿಂತೆ ಇನ್ನೊಂದು ಅಂಗಕ್ಕೆ ಹಾರುತ್ತದೆ. ಅದಕ್ಕೆ ಕೌನ್ಸೆಲಿಂಗ್‌ನಲ್ಲಿ ಮತ್ತು ಔಷಧದಲ್ಲಿ ಒಳ್ಳೆಯ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣಗಳೇನೂ ನನಗೆ ಕಂಡಿಲ್ಲ. ಆದರೂ ಮೇಲಿನ ಸಾಲುಗಳನ್ನು ಓದುವಾಗ ಯಾವುದಾದರೂ ನಿಮಗೆ ತಾಗಿದ್ದರೆ ಅದನ್ನು ಬದಿಗೆ ಸರಿಸಬೇಡಿ.

ಈಗ ನಿಮ್ಮ ಕಣ್ಣಿನ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಮುಖ್ಯ ಭಾಗ ಇದೇ. ಸ್ವೈಪ್ ಮಾಡುವುದರಿಂದ ಜನ ತಮ್ಮ ಬಗ್ಗೆ ಕುಗ್ಗುತ್ತಾರೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಬೇರೆಯವರನ್ನು ನೋಡುವ ರೀತಿಯೂ ಬದಲಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ನನ್ನ ಬಳಿ ಬರುತ್ತಿದ್ದ ಒಬ್ಬ ಯುವಕನಿಗೆ ಒಮ್ಮೆ, ನನ್ನೆದುರಿಗೇ ಐದು ನಿಮಿಷ ಎಂದಿನಂತೆ ಸ್ವೈಪ್ ಮಾಡಿ ಎಂದೆ. ಹೆಬ್ಬೆರಳು ಪರದೆಯ ಬಲ ಅಂಚಿನಲ್ಲಿ ಸಿದ್ಧವಾಗಿ ನಿಂತಿತ್ತು. ಕೆಲವು ಫೋಟೊಗಳು ಮಸುಕಿನಿಂದ ಪೂರ್ತಿ ತಿಳಿಯಾಗುವ ಮೊದಲೇ ಎಡಕ್ಕೆ ಹೋಗಿದ್ದವು. ನಿಲ್ಲಿಸಿ, ಕೊನೆಯ ಮೂವರ ಬಗ್ಗೆ ಏನು ನೆನಪಿದೆ ಎಂದು ಕೇಳಿದೆ. ಒಬ್ಬಾಕೆ ಹಸಿರು ಬಟ್ಟೆ ಹಾಕಿದ್ದರು ಎಂದರು, ಹೆಸರು, ವಯಸ್ಸು, ಊರು ಯಾವುದೂ ನೆನಪಿರಲಿಲ್ಲ. ಬಲಕ್ಕೆ ಸರಿಸಿದ ಒಬ್ಬಾಕೆಯ ಬಗ್ಗೆಯೂ ಅಷ್ಟೇ. ಆತ ಒರಟನಲ್ಲ, ತಂಗಿಯ ಓದಿಗೆ ಸಾಲ ತೀರಿಸುತ್ತಿದ್ದ ಸಂಭಾವಿತ. ಆ ಬೆರಳಿಗೆ ಅದು ಅಭ್ಯಾಸವಾಗಿತ್ತು.

ನೆದರ್ಲೆಂಡ್ಸ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಅಭ್ಯಾಸದ ಹಾದಿಯನ್ನು ಅಳೆದಿದೆ. ಡೇಟಿಂಗ್ ಆ್ಯಪ್‌ನಂತೆಯೇ ಒಂದಾದ ಮೇಲೊಂದು ಪ್ರೊಫೈಲ್ ತೋರಿಸುತ್ತಾ ಹೋದಾಗ, ಮೊದಲ ಪ್ರೊಫೈಲ್‌ಗೆ ಹೋಲಿಸಿದರೆ ಕೊನೆಯದನ್ನು ಒಪ್ಪುವ ಸಾಧ್ಯತೆ ಶೇ 27ರಷ್ಟು ಕುಸಿದಿತ್ತು. ನೋಡುತ್ತಾ ಹೋದಂತೆ ಜನರಿಗೆ ಎದುರಿನ ಫೋಟೊಗಳ ಬಗ್ಗೆ ತೃಪ್ತಿಯೂ, ತಮಗೆ ಯಾರಾದರೂ ಸಿಕ್ಕಾರು ಎಂಬ ಭರವಸೆಯೂ ಇಳಿಯುತ್ತಾ ಬಂತು. ಸಂಶೋಧಕರು ಇದಕ್ಕೆ ತಿರಸ್ಕಾರದ ಮನಃಸ್ಥಿತಿ ಎಂದು ಹೆಸರಿಟ್ಟರು. ನಮಗೆ ಆಯ್ಕೆ ಹೆಚ್ಚಾದರೆ ಒಳ್ಳೆಯದು ಸಿಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಜವಳಿ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ನೋಡಿದ ಮೇಲೆ ಮೊದಲು ಮೆಚ್ಚಿದ ಸೀರೆಯೂ ಸಪ್ಪೆಯಾಗುವುದನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯ ತರಲಾರದು.

ನಿಮಗೆ ರಾತ್ರಿ ಆಗುತ್ತಿರುವುದಕ್ಕೆ ಇನ್ನೂ ಹಳೆಯ ಒಂದು ವಿವರಣೆಯಿದೆ. ಅಮೆರಿಕದಲ್ಲಿ 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಂದರ ನಟಿಯರಿದ್ದ ಜನಪ್ರಿಯ ಟೀವಿ ಧಾರಾವಾಹಿಯನ್ನು ನೋಡುತ್ತಿದ್ದ ಕಾಲೇಜು ಹುಡುಗರ ಕೈಗೆ ಸಾಧಾರಣ ಚೆಲುವಿನ ಹುಡುಗಿಯ ಫೋಟೊ ಕೊಟ್ಟು ಅಂಕ ಹಾಕಲು ಹೇಳಿದರು. ಅದನ್ನು ನೋಡದವರಿಗಿಂತ ನೋಡಿದವರು ಕಡಿಮೆ ಅಂಕ ಕೊಟ್ಟರು. ಇಬ್ಬರ ಕೈಯಲ್ಲಿದ್ದದ್ದು ಒಂದೇ ಫೋಟೊ. ನೀವು ಪ್ರತಿ ರಾತ್ರಿ ಮಾಡುತ್ತಿರುವುದು ಇದೇ ಪ್ರಯೋಗ: ಬೆಂಗಳೂರಿನ ನೂರಾರು ಹೆಣ್ಣುಮಕ್ಕಳು ತಮ್ಮ ಫೋನಿನಲ್ಲಿದ್ದ ಅತ್ಯುತ್ತಮ ಫೋಟೊವನ್ನು ಆರಿಸಿ, ತಿದ್ದಿ ಹಾಕಿದ್ದನ್ನು ಒಂದು ಗಂಟೆ ನೋಡಿ, ಅದರ ಬೆನ್ನಿಗೇ, ಬಯೋಡೇಟಾಗೆಂದು ಸ್ಟುಡಿಯೋದಲ್ಲಿ ನೇರ ನಿಲ್ಲಿಸಿ ತೆಗೆದ ಒಂದು ಫೋಟೊವನ್ನು ತೆರೆಯುತ್ತೀರಿ. 'ಅಷ್ಟೇನಿಲ್ಲ' ಅನಿಸದಿದ್ದರೆ ಆಶ್ಚರ್ಯ. ಆ ಫೋಟೊವನ್ನು ಒಂದು ಬೆಳಗ್ಗೆ, ಎರಡು ಮೂರು ದಿನ ಆ್ಯಪ್ ಮುಟ್ಟದೆ ಇದ್ದು ನೋಡಿದರೆ ಬೇರೆ ಅನಿಸಿಕೆ ಬರಬಹುದು. ಆದರೆ ನಾನು ಹೇಳುವುದು ಅದಕ್ಕಿಂತ ಮುಂದಿನದು: ಆ ಫೋಟೊವನ್ನು ನೋಡುವುದನ್ನೇ ಬಿಡಿ. ನಿಮ್ಮ ಬಳಿ ಅದಕ್ಕಿಂತ ಉತ್ತಮ ಮಾಹಿತಿ ಇದೆ. ಒಂದೂವರೆ ಗಂಟೆ ಎದುರು ಕುಳಿತು ಮಾತಾಡಿ ಖುಷಿಪಟ್ಟದ್ದು ಆ್ಯಪ್‌ನಲ್ಲಿ ಎಂಟು ತಿಂಗಳಲ್ಲಿ ಒಮ್ಮೆಯೂ ಸಿಗದ ಅನುಭವ.

ಆಕರ್ಷಣೆ ಕಾಲದ ಜೊತೆ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ನಡೆದ ಕೆಲಸ ಇಲ್ಲಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಒಂದೇ ತರಗತಿಯ ವಿದ್ಯಾರ್ಥಿಗಳನ್ನು ಅವಧಿಯ ಆರಂಭದಲ್ಲಿ ಕೇಳಿದಾಗ ಯಾರು ಆಕರ್ಷಕರು ಎಂಬ ಬಗ್ಗೆ ಅವರಲ್ಲಿ ಹೆಚ್ಚಿನ ಒಮ್ಮತವಿತ್ತು. ಕೆಲವು ತಿಂಗಳ ನಂತರ ಅದೇ ಪ್ರಶ್ನೆ ಕೇಳಿದಾಗ ಒಮ್ಮತ ಕುಸಿದು, ಒಬ್ಬೊಬ್ಬರಿಗೆ ಒಬ್ಬೊಬ್ಬರು ಇಷ್ಟವಾಗಿದ್ದರು. ಅದೇ ಸಂಶೋಧಕರ ತಂಡ 2015ರಲ್ಲಿ 167 ಜೋಡಿಗಳನ್ನು ಗಮನಿಸಿತು. ಪರಿಚಯವಾದ ಕೂಡಲೇ ಜೋಡಿಯಾದವರು ರೂಪದಲ್ಲಿ ಬಹುತೇಕ ಸರಿಸಮಾನರಾಗಿದ್ದರು, ಮೊದಲು ಬಹುಕಾಲ ಪರಿಚಯವಿದ್ದು ಆಮೇಲೆ ಜೋಡಿಯಾದವರಲ್ಲಿ ಆ ಸಮಾನತೆ ಕಾಣಲಿಲ್ಲ. ಸ್ವೈಪ್ ಎಂಬುದು ಒಮ್ಮತ ಅತಿ ಹೆಚ್ಚಿರುವ ಆ ಮೊದಲ ಕ್ಷಣದಲ್ಲೇ ಬಾಗಿಲು ಹಾಕಿಬಿಡುತ್ತದೆ. ಎಲ್ಲರಿಗೂ ಇಷ್ಟವಾಗುವ ಕೆಲವರ ಹಿಂದೆ ಎಲ್ಲರೂ ಸಾಲು ನಿಲ್ಲುವುದು ಅದರಿಂದಲೇ, ನಿಮ್ಮಂಥವರಿಗೆ, ಹಾಗೆಯೇ ಆಕೆಯಂಥವರಿಗೆ, ಅಲ್ಲಿ ನಷ್ಟವಾಗುವುದೂ ಅದರಿಂದಲೇ.

ಹಾಗೆಂದು ಆಕೆಯನ್ನೇ ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ಭೇಟಿಯಾದರೂ ಕೆಲವರ ಬಗ್ಗೆ ಆಕರ್ಷಣೆ ಹುಟ್ಟುವುದಿಲ್ಲ, ಅಂಥಲ್ಲಿ 'ಮದುವೆಯಾದ ಮೇಲೆ ಸರಿಹೋಗುತ್ತದೆ' ಎಂದು ಮುಂದುವರಿದು ಎರಡು ಬದುಕು ಕೆಟ್ಟಿರುವುದನ್ನೂ ನಾನು ಕಂಡಿದ್ದೇನೆ. ನಿಮಗೆ ಬೇಕಿರುವುದು ಇನ್ನೂ ಎರಡು ಮೂರು ಭೇಟಿ, ಆ ಅವಧಿಯಲ್ಲಿ ಆ್ಯಪ್ ಪೂರ್ತಿ ಬಂದ್. ಡಿಲೀಟ್ ಮಾಡುವುದು ಬೇಡವೆನಿಸಿದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಪ್ರೊಫೈಲ್ ಮರೆಮಾಡುವ ಆಯ್ಕೆಯಿದೆ. ಫೋನಿನಿಂದ ಆ್ಯಪ್ ತೆಗೆದ ಮಾತ್ರಕ್ಕೆ ಪ್ರೊಫೈಲ್ ಹೋಗುವುದಿಲ್ಲ, ಉಳಿದವರಿಗೆ ಕಾಣುತ್ತಲೇ ಇರಬಹುದು, ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಮರೆಮಾಡಿ, ಆಮೇಲೆ ತೆಗೆಯಿರಿ. ಮೊದಲ ವಾರ ರಾತ್ರಿಯ ಆ ಗಂಟೆ ಖಾಲಿ ಖಾಲಿ ಅನಿಸುತ್ತದೆ, ಕೈ ತಾನಾಗಿ ಫೋನಿಗೆ ಹೋಗುತ್ತದೆ. ಯಾವ ಸ್ವೈಪ್‌ಗೆ ಮ್ಯಾಚ್ ಬರುತ್ತದೆಂದು ಗೊತ್ತಿಲ್ಲದಿರುವುದೇ ಅದರ ಸೆಳೆತ, ಸ್ವೈಪ್ ಅನ್ನು ರೂಪಿಸಿದ ಟಿಂಡರ್‌ನ ಜೊನಾಥನ್ ಬದೀನ್ ಅವರೇ ಯಾವ ಸಲ ಕುಕ್ಕಿದರೆ ಕಾಳು ಸಿಗುತ್ತದೆಂದು ತಿಳಿಯದೆ ಕುಕ್ಕುತ್ತಲೇ ಇರುವ ಪಾರಿವಾಳಗಳ ಮೇಲೆ ಮನೋವಿಜ್ಞಾನಿ ಸ್ಕಿನ್ನರ್ ನಡೆಸಿದ ಪ್ರಯೋಗಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿದ್ದಾರೆ. ಎರಡನೇ ಮೂರನೇ ವಾರಕ್ಕೆ ಆ ಎಳೆತ ಸಾಮಾನ್ಯವಾಗಿ ಸಡಿಲವಾಗುತ್ತದೆ. ಮುಂದೆ ಎಂದಾದರೂ ಆ್ಯಪ್‌ಗೆ ಮರಳಿದರೆ, ಒಮ್ಮೆಗೆ ಹತ್ತು ಹದಿನೈದು ಪ್ರೊಫೈಲ್ ಮೀರಬೇಡಿ, ಪರಿಚಯದ ಸಾಲು ಓದದೆ ಯಾವ ಕಡೆಗೂ ಸರಿಸಬೇಡಿ, ಮ್ಯಾಚ್ ಬಂದರೆ ವಾರ ಹತ್ತು ದಿನದೊಳಗೆ ಜನಸಂಚಾರವಿರುವ ಜಾಗದಲ್ಲಿ ಕಾಫಿಗೆ ಕರೆಯಿರಿ. ಚಾಟ್ ಎಳೆದಷ್ಟೂ ಇಬ್ಬರೂ ಮನಸ್ಸಿನಲ್ಲಿ ಇಲ್ಲದವರೊಬ್ಬರನ್ನು ಕಟ್ಟಿಕೊಳ್ಳುತ್ತೀರಿ.

ಮನೆಯ ಮೂಲಕ ಬಂದ ಸಂಬಂಧದಲ್ಲಿ ಮತ್ತೆ ಭೇಟಿಯಾಗುವುದಕ್ಕೆ ಇರುವ ತೊಡಕು ನಿಮಗೆ ಗೊತ್ತೇ ಇದೆ. ಎರಡನೇ ಸಲ ಹೋದರೆ ಅದು ಒಪ್ಪಿಗೆ ಎಂದೇ ಎರಡೂ ಮನೆಯವರು ತಿಳಿಯುತ್ತಾರೆ, ಮೂರನೇ ಸಲಕ್ಕೆ ಛತ್ರದ ವಿಚಾರ ಶುರುವಾಗುತ್ತದೆ, ಆಮೇಲೆ ಬೇಡವೆಂದರೆ ಹೆಸರು ಕೆಡುವುದು ಹೆಚ್ಚಾಗಿ ಹೆಣ್ಣಿನ ಕಡೆಯದು. ಆದ್ದರಿಂದ ಮೊದಲು ನಿಮ್ಮ ತಂದೆಯವರಿಗೆ ನೇರವಾಗಿ ಹೇಳಿ: 'ಅಪ್ಪಾ, ಹುಡುಗಿ ಜೊತೆ ಮಾತಾಡಿದ್ದು ಹಿಡಿಸಿತು. ಹೂಂ ಅನ್ನೋದಕ್ಕೂ ಊಹೂಂ ಅನ್ನೋದಕ್ಕೂ ಇನ್ನೂ ಸ್ವಲ್ಪ ಟೈಮ್ ಬೇಕು. ಎರಡು ತಿಂಗಳಲ್ಲಿ ಹೇಳ್ತೀನಿ, ಅಲ್ಲಿವರೆಗೂ ಅವರ ಮನೇಲಿ ಯಾರೂ ಮಾತು ಮುಂದುವರಿಸೋದು ಬೇಡ.' ಇದೇ ಮಾತನ್ನು ಆಕೆಗೂ, ಯಾರ ಮೂಲಕವೂ ಅಲ್ಲದೆ ನೀವೇ ಫೋನ್ ಮಾಡಿ ಹೇಳಿ, ಆಕೆಗೂ ಬೇಡವೆನ್ನುವ ಹಕ್ಕು ಅಷ್ಟೇ ಇದೆ ಎಂಬುದನ್ನು ಸೇರಿಸಿ. ಆಕೆಯ ಕೈಯಲ್ಲೂ ನಿಮ್ಮ ಒಂದು ಫೋಟೊ ಇದೆ, ಆಕೆಯ ಫೋನಿನಲ್ಲೂ ಇಂಥದೇ ಆ್ಯಪ್ ಇರಬಹುದು. ಭೇಟಿಗಳು ಮನೆಯ ಹಜಾರದಲ್ಲಿ ಬೇಡ, ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಒಂದು ಮಧ್ಯಾಹ್ನ ಊಟಕ್ಕೆ, ಇನ್ನೊಮ್ಮೆ ಇಬ್ಬರಿಗೂ ಏನಾದರೂ ಕೆಲಸವಿರುವ ಕಡೆ, ಬಟ್ಟೆಯೋ ಪುಸ್ತಕವೋ ಕೊಳ್ಳಲು. ಪ್ರತಿ ಭೇಟಿಯಾದ ಮೇಲೆ, ಆಕೆಯ ರೂಪಕ್ಕೆ ಎಷ್ಟು ಅಂಕ ಎಂದು ನಿಮ್ಮನ್ನು ಕೇಳಿಕೊಳ್ಳಬೇಡಿ. ಮುಂದಿನ ಭೇಟಿ ಬೇಗ ಬರಲಿ ಅನಿಸುತ್ತಿದೆಯೇ, ಈ ವಾರ ನಡೆದ ಯಾವುದಾದರೂ ಸಣ್ಣ ಸಂಗತಿಯನ್ನು ಆಕೆಗೆ ಹೇಳಬೇಕು ಎಂದು ನೆನಪಾಯಿತೇ, ಪಕ್ಕದಲ್ಲಿ ನಡೆಯುವಾಗ ದೂರ ಸರಿಯಬೇಕು ಅನಿಸಿತೇ ಅಥವಾ ಹತ್ತಿರ ಇರಬೇಕು ಅನಿಸಿತೇ ಎಂದು ಕೇಳಿಕೊಳ್ಳಿ. ಮೂರು ಭೇಟಿಯ ನಂತರವೂ ಈ ಮೂರಕ್ಕೂ ಉತ್ತರ ಇಲ್ಲವೆಂದೇ ಬಂದರೆ, ಎರಡು ತಿಂಗಳು ತುಂಬುವವರೆಗೆ ಕಾಯದೆ ಆಕೆಗೆ ಮೊದಲು, ಆಮೇಲೆ ನಿಮ್ಮ ಅಪ್ಪನಿಗೆ ತಿಳಿಸಿ.